ಕರಗುವುದಕ್ಕೂ ಒಂದು ಲೆಕ್ಕವಿದೆ

ಬಸ್ಕಿ ಹೊಡೆಯುವಾಗ ಎಷ್ಟು ಆಳಕ್ಕೆ ಕೂರಬೇಕು ಎಂದು ಕಳೆದ ವಾರ ಶುರುವಾದ ಜಗಳವನ್ನು ಈ ವಾರ ಮುಗಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಪತ್ರ ಬರೆದು ಬೈದವರು ಇನ್ನೊಂದು ವಾರ ತಾಳಿಕೊಳ್ಳಬೇಕು. ದಾವಣಗೆರೆಯ ಓದುಗನೊಬ್ಬ ಕಾಲು ಕಿಲೋ ಕ್ರಿಯಾಟಿನ್ ಡಬ್ಬಿಯನ್ನು ಕೊರಿಯರ್ ಮಾಡಿದ್ದಾನೆ. ಜೊತೆಗೊಂದು ಚೀಟಿ: ‘ಸರ್, ಆನ್‌ಲೈನಲ್ಲಿ ಅರ್ಧಕ್ಕಿಂತ ಕಮ್ಮಿ ರೇಟಿಗೆ ಸಿಕ್ತು. ಶೇಕರಿಗೆ ಹಾಕಿ ಎರಡು ಸಲ ಅಲ್ಲಾಡಿಸಿದ್ರೆ ಸಾಕು, ಪೂರ್ತಿ ಕರಗುತ್ತೆ, ತಳದಲ್ಲಿ ಒಂದು ಚೂರೂ ಉಳಿಯಲ್ಲ. ಹಂಗಾದ್ರೆ ಒರಿಜಿನಲ್ ತಾನೇ?’

ಹುಡುಗನ ತಪ್ಪಲ್ಲ. ಅವನ ಟ್ರೈನರ್ ಹಾಗೆ ಹೇಳಿಕೊಟ್ಟಿದ್ದಾನೆ, ಆ ಟ್ರೈನರಿಗೆ ಯಾವುದೋ ರೀಲ್ಸ್ ಹೇಳಿಕೊಟ್ಟಿದೆ. ಪಾರದರ್ಶಕ ಲೋಟ, ಒಂದು ಚಮಚ ಪುಡಿ, ಹಿನ್ನೆಲೆಯಲ್ಲಿ ಡೋಲು. ಕರಗಿದರೆ ಅಸಲಿ, ತಳದಲ್ಲಿ ಕೂತರೆ ನಕಲಿ ಎಂದು ತೀರ್ಪು. ಈ ‘ಲೋಟದ ಪಂಡಿತರ’ ಮೇಲೆ ನನಗೆ ಹಳೆಯ ಸಿಟ್ಟಿದೆ, ಅಂಕಣದ ಕಾಯಂ ಓದುಗರಿಗೆ ಅದು ಗೊತ್ತು. ಅವರ ಮಾತು ಕೇಳಿದವರು ಒಳ್ಳೆಯ ಪುಡಿಯನ್ನು ಸಿಂಕಿಗೆ ಸುರಿದು, ಗ್ಲೂಕೋಸ್ ಪುಡಿಗೆ ಐದು ನಕ್ಷತ್ರ ಕೊಟ್ಟು ಬರುತ್ತಾರೆ. ನಕಲಿ ಮಾರುವವನಿಗೆ ಇದಕ್ಕಿಂತ ಅನುಕೂಲದ ಪರೀಕ್ಷೆಯನ್ನು ಅವನೇ ಕೂತು ಯೋಚಿಸಿದರೂ ಕಂಡುಹಿಡಿಯಲಾರ.

ಏಕೆಂದರೆ ಕ್ರಿಯಾಟಿನ್ ಮೊನೋಹೈಡ್ರೇಟ್ ತಣ್ಣೀರಿನಲ್ಲಿ ಕರಗಲು ಬಹಳ ಸತಾಯಿಸುವ ವಸ್ತು. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಸುಮಾರು 14 ಗ್ರಾಂ ಮಾತ್ರ ಕರಗಿಸಿಕೊಳ್ಳುತ್ತದೆ. ಫ್ರಿಜ್ಜಿನ ನೀರಾದರೆ 6 ಗ್ರಾಂ. ಅದೇ ನೀರನ್ನು 60 ಡಿಗ್ರಿಗೆ ಕಾಯಿಸಿದರೆ 45 ಗ್ರಾಂವರೆಗೂ ಹಿಡಿಯುತ್ತದೆ. ‘ಮೈಕ್ರೊನೈಸ್ಡ್’ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುತ್ತದಲ್ಲ, ಅದು ಪುಡಿಯನ್ನು ಇನ್ನಷ್ಟು ನುಣ್ಣಗೆ ಮಾಡಿದ್ದು, ಅಷ್ಟೇ. ಬೇಗ ಕರಗುತ್ತದೆ, ತಳಕ್ಕೆ ಇಳಿಯಲು ತಡಮಾಡುತ್ತದೆ. ಆದರೆ ಅದೇ ನೀರಿನಲ್ಲಿ ಹೆಚ್ಚು ಗ್ರಾಂ ಕರಗುವುದಿಲ್ಲ.

ಈ ಮೂರು ಅಂಕಿ ನೆನಪಿಟ್ಟುಕೊಂಡರೆ ಲೋಟದ ಪಂಡಿತರ ತೀರ್ಪನ್ನು ತಲೆಕೆಳಗು ಮಾಡಬಹುದು. ಆದರೆ ಬರೀ ತಲೆಕೆಳಗು ಮಾಡಿದರೂ ಮೋಸ ಹೋಗುತ್ತೀರಿ. ‘ಕರಗಿದರೆ ನಕಲಿ’ ಎಂಬ ಎದುರು ಪಕ್ಷವೊಂದು ಈಗಾಗಲೇ ಹುಟ್ಟಿಕೊಂಡಿದೆ, ಅದೂ ಅರೆಬೆಂದದ್ದೇ. ಎಷ್ಟು ಪುಡಿ, ಎಷ್ಟು ನೀರು ಎಂದು ಹೇಳದೆ ಕರಗುವ ಮಾತಾಡುವುದರಲ್ಲಿ ಅರ್ಥವಿಲ್ಲ. 3 ಗ್ರಾಂ ಅಪ್ಪಟ ಪುಡಿಯನ್ನು 300 ಮಿಲಿ ನೀರಿಗೆ ಹಾಕಿ ತಾಳ್ಮೆಯಿಂದ ಕಲಕಿದರೆ ಪೂರ್ತಿ ಕರಗಲೇಬೇಕು. ಅಷ್ಟು ನೀರಿಗೆ 4 ಗ್ರಾಂ ಹಿಡಿಯುವ ಶಕ್ತಿಯಿದೆ. ಶೇಕರಿನಲ್ಲಿ ಮಾಡುವ ಪರೀಕ್ಷೆಗಳೆಲ್ಲ ಕೆಡುವುದು ಇಲ್ಲೇ: ನೀರು ಹೆಚ್ಚಾಯಿತು, ಅಸಲಿ ನಕಲಿಯ ಅಂತರ ಅಳಿಸಿಹೋಯಿತು.

ನೀರು ಕಮ್ಮಿ ಮಾಡಿ. ಪರೀಕ್ಷೆಯ ಗುಟ್ಟೆಲ್ಲ ಅದೇ.

ಒಂದು ಸಣ್ಣ ಡಿಜಿಟಲ್ ತಕ್ಕಡಿ ಬೇಕು, ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವಂಥದ್ದು. ಡಬ್ಬಿಯ ಸ್ಕೂಪ್ ಅಳತೆಯನ್ನು ನಂಬಬೇಡಿ. 5 ಗ್ರಾಂ ಪುಡಿ ತೂಗಿ, ಕೋಣೆಯ ಶಾಖದ 100 ಮಿಲಿ ನೀರಿಗೆ ಹಾಕಿ, ಹತ್ತು ನಿಮಿಷ ಆಗಾಗ ಕಲಕಿ. ನಮ್ಮೂರಿನ ಹವೆಯಲ್ಲಿ ಆ ನೀರು ಹೆಚ್ಚೆಂದರೆ ಒಂದೂವರೆ ಗ್ರಾಂ ಚಿಲ್ಲರೆ ಕರಗಿಸಿಕೊಂಡೀತು. ಉಳಿದ ಮೂರು, ಮೂರೂವರೆ ಗ್ರಾಂ ತಳದಲ್ಲಿ ಬಿಳಿಯಾಗಿ ಕೂರಬೇಕು. ಅದನ್ನು ಮೊದಲೇ ತೂಗಿಟ್ಟ ಫಿಲ್ಟರ್ ಪೇಪರಿನಲ್ಲಿ ಸೋಸಿ, ಫ್ಯಾನಿನ ಕೆಳಗೆ ಒಣಗಿಸಿ, ಪೇಪರ್ ಸಮೇತ ಮತ್ತೆ ತೂಗಿ. ಮೂರು ಗ್ರಾಮಿನ ಹತ್ತಿರ ಬಂದರೆ ಸಮಾಧಾನ. ಒಂದು ಗ್ರಾಮಿಗಿಂತ ಕೆಳಗೆ ಬಂದರೆ ಪುಡಿಯಲ್ಲಿ ಕರಗುವ ಇನ್ನೇನೋ ಬೆರೆತಿದೆ ಎಂದೇ ಅರ್ಥ.

ದಾವಣಗೆರೆ ಡಬ್ಬಿಯ ಪುಡಿಯನ್ನೂ, ಮನೆಯಲ್ಲಿ ಭರವಸೆಯಿದ್ದ ಇನ್ನೊಂದು ಡಬ್ಬಿಯ ಪುಡಿಯನ್ನೂ ಅಕ್ಕಪಕ್ಕ ಇಟ್ಟು ಹೀಗೆ ಮಾಡಿದೆ. ಮನೆಯ ಪುಡಿ ಲೋಟದ ತಳದಲ್ಲಿ ಬೆರಳಗಲ ಕೂತಿತು, ಕಲಕಿದಾಗ ಗಾಜಿಗೆ ಉಜ್ಜಿ ಸರ್‌ಸರ್ ಎಂದು ಸದ್ದು ಮಾಡಿತು. ಒಣಗಿಸಿ ತೂಗಿದಾಗ 3.3 ಗ್ರಾಂ. ಹುಡುಗನ ಪುಡಿ ಹಾಕುತ್ತಿದ್ದಂತೆ ನೀರು ಹಾಲಿನಂತೆ ಬೆಳ್ಳಗಾಗಿ ಅಷ್ಟೇ ಬೇಗ ತಿಳಿಯಾಯಿತು. ಪೇಪರಿನ ಮೇಲೆ ಉಳಿದದ್ದು ಅರ್ಧ ಗ್ರಾಂ. ಲೆಕ್ಕ ಸುಲಭ. ಪೇಪರಿನ ಮೇಲಿನ ಅರ್ಧಕ್ಕೆ ನೀರಿನಲ್ಲಿ ಕರಗಿರಬಹುದಾದ ಒಂದೂವರೆ ಸೇರಿಸಿ. ಐದು ಗ್ರಾಮಿನಲ್ಲಿ ಕ್ರಿಯಾಟಿನ್ ಎರಡು ಗ್ರಾಂ ಆಯಿತು, ಮಿಕ್ಕ ಮೂರು ಗ್ರಾಂ ಬೇರೇನೋ. ಅವನ ಶೇಕರಿನಲ್ಲಿ ಒಂದು ಚೂರೂ ಉಳಿಯದ ರಹಸ್ಯವೂ ಬಯಲಾಯಿತು: ಎರಡು ಗ್ರಾಂ ಕ್ರಿಯಾಟಿನ್ ಶೇಕರ್ ತುಂಬಾ ನೀರಿನಲ್ಲಿ ಕರಗದೆ ಎಲ್ಲಿಗೆ ಹೋದೀತು?

ಆ ಬೇರೇನೋ ಯಾವುದು? ಮೊದಲು ನಾಲಿಗೆಯನ್ನು ಕೇಳಬೇಕು. ಕ್ರಿಯಾಟಿನ್‌ಗೆ ಹೇಳಿಕೊಳ್ಳುವ ರುಚಿಯಿಲ್ಲ, ಕೊನೆಗೆ ತುಸು ಕಹಿ ಎನಿಸಬಹುದು. ಸೋಸಿದ ನೀರು ಸಿಹಿಯಾಗಿತ್ತು. ಮೂತ್ರದಲ್ಲಿ ಸಕ್ಕರೆ ನೋಡುವ ಪಟ್ಟಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಅದನ್ನು ಅದ್ದಿದೆ. ಪಟ್ಟಿ ಕಡೆಯ ಬಣ್ಣದವರೆಗೂ ತಿರುಗಿತು. ಅಲ್ಲಿಗೆ ಡೆಕ್ಸ್‌ಟ್ರೋಸ್, ಅಂದರೆ ನಮ್ಮ ಗ್ಲೂಕೋಸ್ ಪುಡಿ, ಬೆರೆಸಿದ್ದಾರೆ ಎಂದಾಯಿತು. ಪಟ್ಟಿ ತಿರುಗದಿದ್ದರೆ ಸಕ್ಕರೆಯಿಲ್ಲ ಎನ್ನಲು ಬರುವುದಿಲ್ಲ. ಈ ಪಟ್ಟಿಗೆ ಗ್ಲೂಕೋಸ್ ಒಂದೇ ಗೊತ್ತು. ಅಡುಗೆಮನೆಯ ಸಕ್ಕರೆಯನ್ನು ಪುಡಿ ಮಾಡಿ ಬೆರೆಸಿದ್ದರೆ ಅದು ಸುಮ್ಮನಿರುತ್ತದೆ, ಮಾಲ್ಟೋಡೆಕ್ಸ್‌ಟ್ರಿನ್‌ಗೂ ಸರಿಯಾಗಿ ಉತ್ತರ ಕೊಡುವುದಿಲ್ಲ.

ಇನ್ನು ಕೆಲವು ಜಾಣರು ತಳದಲ್ಲಿ ಕೂರುವ ವಸ್ತುವನ್ನೇ ಬೆರೆಸುತ್ತಾರೆ. ಅಕ್ಕಿ ಹಿಟ್ಟು, ಜೋಳದ ಗಂಜಿಪುಡಿ, ಚಾಕ್ ಪುಡಿ. ಸೋಸುವ ಪರೀಕ್ಷೆಯನ್ನು ಅವು ದಾಟಿಬಿಡುತ್ತವೆ. ಅಂಥವಕ್ಕೆ ಬಿಸಿನೀರಿನ ಪರೀಕ್ಷೆ ಇದೆ, ನನಗೆ ಅತಿ ಪ್ರಿಯವಾದದ್ದೂ ಅದೇ. 5 ಗ್ರಾಂ ಪುಡಿಯನ್ನು 200 ಮಿಲಿ ಬಿಸಿನೀರಿಗೆ ಹಾಕಿ. ಕುದಿಯಬಾರದು, ಬೆರಳಿಟ್ಟರೆ ತಟ್ಟನೆ ತೆಗೆಯುವಷ್ಟು ಬಿಸಿ ಸಾಕು. ಅಪ್ಪಟ ಪುಡಿಯಾದರೆ ಎರಡು ನಿಮಿಷದಲ್ಲಿ ನೀರು ತಿಳಿಯಾಗುತ್ತದೆ. ಹಿಟ್ಟಿದ್ದರೆ ಮಬ್ಬಾಗಿ ಅಂಟಂಟಾಗುತ್ತದೆ, ಒಂದು ಹನಿ ಬೆಟಾಡಿನ್ ಬಿಟ್ಟರೆ ಕಡುನೀಲಿಗೆ ತಿರುಗುತ್ತದೆ. ಚಾಕ್ ಎಷ್ಟು ಬಿಸಿಗೂ ಜಗ್ಗದೆ ತಳದಲ್ಲೇ ಕೂತಿರುತ್ತದೆ, ನಿಂಬೆರಸ ಹಿಂಡಿದರೆ ನೊರೆಯುತ್ತದೆ.

ತಿಳಿಯಾದ ನೀರನ್ನು ಮುಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ನೋಡಿದರೆ ತಳದಲ್ಲಿ ಹೊಳೆಯುವ ಹರಳುಗಳಿರಬೇಕು, ಬೆಳಕಿಗೆ ಹಿಡಿದರೆ ಮಿನುಗುತ್ತವೆ. ಅಷ್ಟು ತಣ್ಣನೆಯ 200 ಮಿಲಿ ನೀರು ಒಂದು ಗ್ರಾಂ ಮೇಲೆ ತುಸು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು, ಮಿಕ್ಕ ಮುಕ್ಕಾಲು ಪಾಲು ಹೊರಬರಲೇಬೇಕು. ಗ್ಲೂಕೋಸ್ ಹೀಗೆ ವಾಪಸ್ ಬರುವುದಿಲ್ಲ. ಹುಡುಗನ ಪುಡಿಯಲ್ಲಿ ಹರಳು ಬಂತು, ಆದರೆ ಚಿಟಿಕೆಯಷ್ಟು. ಮನೆಯ ಪುಡಿಯದ್ದು ಚಮಚದಲ್ಲಿ ಎತ್ತುವಷ್ಟಿತ್ತು. ಹರಳು ಬಾರದಿದ್ದರೆ ಅವಸರಪಟ್ಟು ಬೈಯಬೇಡಿ, ಕೆಲವೊಮ್ಮೆ ದ್ರಾವಣ ಮೊಂಡು ಹಿಡಿಯುತ್ತದೆ. ನಾಲ್ಕು ಕಾಳು ಒಣ ಪುಡಿ ಉದುರಿಸಿ ಕಲಕಿ ಮತ್ತೆ ಇಡಿ.

ಇಲ್ಲೊಂದು ಹಳೆಯ ಪ್ರೀತಿಯನ್ನು ಹೇಳಿಕೊಳ್ಳಲೇಬೇಕು. ರೋಜರ್ ಹ್ಯಾರಿಸ್, ಕರಿನ್ ಸೋಡರ್‌ಲುಂಡ್, ಎರಿಕ್ ಹುಲ್ಟ್‌ಮನ್ ಎಂಬ ಮೂವರು 1992ರಲ್ಲಿ ‘ಕ್ಲಿನಿಕಲ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ. ಕ್ರಿಯಾಟಿನ್ ನುಂಗಿದರೆ ಅದು ಸ್ನಾಯುವಿನಲ್ಲಿ ನಿಜಕ್ಕೂ ಹೆಚ್ಚಾಗುತ್ತದೆ ಎಂದು ಸ್ನಾಯುವಿನ ತುಣುಕು ತೆಗೆದು ತೋರಿಸಿದ ಕೆಲಸ ಅದು. ಇಂದಿನ ಇಡೀ ವ್ಯಾಪಾರ ನಿಂತಿರುವುದು ಅದರ ಮೇಲೆ, ಅದನ್ನು ಓದಿದ ವ್ಯಾಪಾರಿಯನ್ನು ಮಾತ್ರ ನಾನು ಕಂಡಿಲ್ಲ. ಐದು ಗ್ರಾಂ ಕ್ರಿಯಾಟಿನ್ ಎಂದರೆ ಒಂದು ಕಿಲೋಗಿಂತ ಹೆಚ್ಚು ಹಸಿ ಮಾಂಸದಲ್ಲಿ ಇರುವಷ್ಟು ಎಂದು ಅವರು ಲೆಕ್ಕ ಕೊಟ್ಟಿದ್ದಾರೆ. ನಮ್ಮ ಹುಡುಗನಿಗೆ ಸಂಬಂಧಿಸಿದ್ದು ಇನ್ನೊಂದು ಮಾತು. ಒಂದು ಗ್ರಾಂ ಅಥವಾ ಅದಕ್ಕಿಂತ ಕಮ್ಮಿ ಕೊಟ್ಟಾಗ ರಕ್ತದಲ್ಲಿ ಕ್ರಿಯಾಟಿನ್ ಏರಿದ್ದು ಅಷ್ಟಕ್ಕಷ್ಟೇ, ಐದು ಗ್ರಾಂ ಕೊಟ್ಟಾಗ ಚೆನ್ನಾಗಿ ಏರಿತು. ದಿನಕ್ಕೆ 3 ಗ್ರಾಂ ಎಂದುಕೊಂಡು ಇವನು ತೆಗೆದುಕೊಳ್ಳುತ್ತಿದ್ದ ಪುಡಿಯಲ್ಲಿ ಇದ್ದದ್ದು ಒಂದು ಗ್ರಾಂ ಚಿಲ್ಲರೆ. ‘ನನಗೆ ಕ್ರಿಯಾಟಿನ್ ಹತ್ತುವುದಿಲ್ಲ’ ಎಂದು ಜಿಮ್ಮಿನಲ್ಲಿ ಗೊಣಗುವವರಲ್ಲಿ ಎಷ್ಟು ಜನ ಹೀಗೆ ಗ್ಲೂಕೋಸ್ ಕುಡಿಯುತ್ತಿದ್ದಾರೋ! ಮೊದಲ ವಾರ ದಿನಕ್ಕೆ 20 ಗ್ರಾಂ ‘ಲೋಡಿಂಗ್’ ಮಾಡುವ ಸಕ್ಕರೆ ಕಾಯಿಲೆಯವರಿಗೆ ಇದು ಬರೀ ದುಡ್ಡಿನ ನಷ್ಟವಲ್ಲ. ಈ ಪುಡಿಯಾದರೆ 12 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಯಿತು.

ಸ್ವಾದದ ಕ್ರಿಯಾಟಿನ್ ಕೊಳ್ಳುವವರಿಗೆ ಮೇಲಿನ ಯಾವ ಪರೀಕ್ಷೆಯೂ ಪೂರ್ತಿ ಉಪಯೋಗಕ್ಕೆ ಬಾರದು. ಕಲ್ಲಂಗಡಿ, ಹಸಿರು ಸೇಬು ಎಂದೆಲ್ಲ ಬರುವ ಡಬ್ಬಿಗಳಲ್ಲಿ ಹುಳಿ, ಸಿಹಿ, ಬಣ್ಣ ಮೊದಲೇ ಬೆರೆತಿರುತ್ತವೆ, ನಾಲಿಗೆಗೆ ಕೆಲಸವಿಲ್ಲ. ಚಪ್ಪರಿಸುವ ಗಮ್ಮಿಗಳ ವಿಷಯದಲ್ಲಂತೂ, ಅಮೆರಿಕದಲ್ಲಿ ಪ್ರಯೋಗಾಲಯಕ್ಕೆ ಕಳಿಸಿ ನೋಡಿದಾಗ ಹಲವು ಬ್ರ್ಯಾಂಡುಗಳಲ್ಲಿ ಲೇಬಲ್ ಹೇಳಿದ್ದರ ಅಲ್ಪ ಭಾಗವೂ ಸಿಗಲಿಲ್ಲ. ಸ್ವಾದವಿಲ್ಲದ ಬಿಳಿ ಪುಡಿಯನ್ನು ಬಿಟ್ಟು ಬೇರೇನೂ ಕೊಳ್ಳಬೇಡಿ ಎಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೆ, ಇವತ್ತೂ ಅದನ್ನೇ ಬರೆಯುತ್ತಿದ್ದೇನೆ.

ಈಗ ಡಬ್ಬಿಯ ಹೊರಗಿನ ಕಥೆ. ಪುಡಿ ಅಪ್ಪಟವೇ ಇದ್ದು ಹೆಸರು ಮಾತ್ರ ಸುಳ್ಳಾದ ಡಬ್ಬಿಗಳಿವೆ. ಮೂಟೆಯಲ್ಲಿ ತಂದ ಅಗ್ಗದ ಕ್ರಿಯಾಟಿನ್ ಅನ್ನು ದುಬಾರಿ ಬ್ರ್ಯಾಂಡಿನ ಡಬ್ಬಿಗೆ ತುಂಬುವುದು, ಅವಧಿ ಮುಗಿದ ಮಾಲಿಗೆ ಹೊಸ ತಾರೀಖು ಹೊಡೆಯುವುದು. ಇವು ಲೋಟದ ಪರೀಕ್ಷೆಗಳನ್ನೆಲ್ಲ ಗೆದ್ದು ಬರುತ್ತವೆ. ತಯಾರಿಕೆಯಲ್ಲಿ ಉಳಿದಿರಬಹುದಾದ ಡೈಸಯಾಂಡಯಮೈಡ್‌ನಂಥ ಕಲ್ಮಶಗಳೂ ಅಡುಗೆಮನೆಯ ಪರೀಕ್ಷೆಗೆ ಸಿಗುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ನಮ್ಮ ಕೈಲಾಗುವುದು ಲೇಬಲನ್ನು ಅಕ್ಷರ ಬಿಡದೆ ಓದುವುದು.

ಹುಡುಗನ ಡಬ್ಬಿ ವಿದೇಶಿ ಬ್ರ್ಯಾಂಡಿನದ್ದೆಂದು ಹೇಳಿಕೊಳ್ಳುತ್ತಿತ್ತು. ಆಮದು ಮಾಡಿದ್ದಾದರೆ ಆಮದುದಾರನ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇರುವ ಸ್ಟಿಕ್ಕರ್ ಇರಬೇಕು. ಸ್ಟಿಕ್ಕರ್ ಇತ್ತು, ನಂಬರೂ ಇತ್ತು. ಹದಿನಾಲ್ಕು ಅಂಕಿಯ ಆ ನಂಬರಿಗೆ ಒಂದು ವ್ಯಾಕರಣವಿದೆ. ಮೊದಲ ಅಂಕಿ 1 ಆದರೆ ಲೈಸೆನ್ಸ್, 2 ಆದರೆ ಸಣ್ಣ ವ್ಯಾಪಾರಿಗಳ ಬರೀ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ್ದು. ನಮ್ಮ ಕರ್ನಾಟಕಕ್ಕೆ 12, ಕೇಂದ್ರದಿಂದ ಪಡೆದದ್ದಾದರೆ 00. ಆಮದು ಮಾಡುವವರಿಗೆ ಕೇಂದ್ರದ ಲೈಸೆನ್ಸೇ ಬೇಕು, ಆದ್ದರಿಂದ ನಂಬರ್ 100 ಎಂದೇ ಶುರುವಾಗಬೇಕು. ಈ ಡಬ್ಬಿಯದ್ದು 212 ಎಂದು ಶುರುವಾಗುತ್ತಿತ್ತು. foscos.fssai.gov.in ತಾಣದಲ್ಲಿ ಹಾಕಿ ನೋಡಿದರೆ ಅದು ಒಂದು ಉಪ್ಪಿನಕಾಯಿ ಘಟಕದ್ದು! ಆ ಬಡಪಾಯಿಗೆ ತನ್ನ ನಂಬರ್ ಹೀಗೆ ಪರದೇಶ ಸುತ್ತಿ ಬಂದದ್ದು ಗೊತ್ತಿರಲಿಕ್ಕಿಲ್ಲ. ನಂಬರ್ ಅಸ್ತಿತ್ವದಲ್ಲಿದೆ ಎಂದು ಅರ್ಧಕ್ಕೆ ನಿಲ್ಲಿಸಬಾರದು. ಯಾರ ಹೆಸರಿನಲ್ಲಿದೆ, ಏನು ಮಾಡಲು ಕೊಟ್ಟಿದ್ದು ಎಂಬುದನ್ನೂ ಓದಬೇಕು.

ಇನ್ನೊಂದು ಎಡವಟ್ಟು ಬರೀ ಗುಣಾಕಾರದ್ದು. 250 ಗ್ರಾಂ ಡಬ್ಬಿ, ಒಂದು ಸರ್ವಿಂಗಿಗೆ 5 ಗ್ರಾಂ, ಒಟ್ಟು 83 ಸರ್ವಿಂಗ್ ಎಂದು ಅಚ್ಚಾಗಿತ್ತು. ಐದರಿಂದ ಭಾಗಿಸಿದರೆ ಐವತ್ತು. 83 ಬರುವುದು 3 ಗ್ರಾಂ ಸರ್ವಿಂಗಿಗೆ. ಎರಡು ಬೇರೆ ಲೇಬಲ್‌ಗಳಿಂದ ಕದ್ದು ಒಂದರಲ್ಲಿ ಕೂಡಿಸಿದವನಿಗೆ ಭಾಗಾಕಾರ ಮಾಡುವ ಪುರುಸೊತ್ತಿರಲಿಲ್ಲ.

ಸೀಲಿನ ವಿಷಯದಲ್ಲಿ ಜನ ಬಹಳ ಭರವಸೆ ಇಡುತ್ತಾರೆ. ಮುಚ್ಚಳದ ಕೆಳಗಿನ ಬೆಳ್ಳಿಹಾಳೆ ಗಟ್ಟಿಯಾಗಿ ಅಂಟಿದ್ದರೆ ಒರಿಜಿನಲ್ ಎಂಬ ಕಾಲ ಮುಗಿಯಿತು. ಅದನ್ನು ಅಂಟಿಸುವ ಕೈಯಂತ್ರ ಇವತ್ತು ಯಾರು ಬೇಕಾದರೂ ತರಿಸಿಕೊಳ್ಳಬಹುದು. ಅಂಚಿನಲ್ಲಿ ಗೋಂದಿನ ಗುರುತಿದ್ದರೆ ಖಂಡಿತ ನಕಲಿ. ಇಲ್ಲದಿದ್ದರೆ ಏನೂ ಹೇಳಲಾಗದು. ಅದಕ್ಕಿಂತ ತಾರೀಖು ಹೆಚ್ಚು ಮಾತಾಡುತ್ತದೆ. ಬ್ಯಾಚ್ ನಂಬರ್ ಮತ್ತು ತಾರೀಖು ಡಬ್ಬಿಯ ತಳದಲ್ಲಿ, ಲೇಬಲಿನಲ್ಲಿ, ಹೊರಗಿನ ರಟ್ಟಿನ ಪೆಟ್ಟಿಗೆಯಿದ್ದರೆ ಅದರ ಮೇಲೆ, ಎಲ್ಲೆಲ್ಲಿವೆಯೋ ಅಲ್ಲೆಲ್ಲ ಒಂದೇ ಇರಬೇಕು. ಥಿನ್ನರ್ ಹಾಕಿ ಹಳೆಯ ತಾರೀಖು ಒರೆಸಿದ ಜಾಗದಲ್ಲಿ ಪ್ಲಾಸ್ಟಿಕ್ಕಿನ ಹೊಳಪು ಸತ್ತಿರುತ್ತದೆ. ಡಬ್ಬಿಯನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ತಿರುಗಿಸಿ ನೋಡಿ. ನೇಲ್‌ಪಾಲಿಶ್ ರಿಮೂವರ್ ಹಚ್ಚಿ ಅಳಿಸಿದರೆ ನಕಲಿ ಎನ್ನುವವರ ಮಾತು ಕೇಳಬೇಡಿ, ಕಾರ್ಖಾನೆಯ ಅಸಲಿ ಶಾಯಿಯೂ ಅಳಿಸುತ್ತದೆ.

ಕ್ಯೂಆರ್ ಕೋಡ್ ಬಗ್ಗೆ ಒಂದೇ ಮಾತು: ನಕಲಿ ಡಬ್ಬಿಯ ಕೋಡ್ ನಿಮ್ಮನ್ನು ನಕಲಿ ತಾಣಕ್ಕೇ ಒಯ್ದು ‘ಅಸಲಿ’ ಎಂದು ಹಸಿರು ಟಿಕ್ ತೋರಿಸುತ್ತದೆ. ಕಂಪನಿಯ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ, ಉಜ್ಜಿ ತೆಗೆದ ಗುಪ್ತಸಂಖ್ಯೆಯನ್ನು ಅಲ್ಲಿ ಹಾಕಿ. ಕ್ರಿಯಾಪ್ಯೂರ್ ಮುದ್ರೆಗೂ ಇದೇ ಮಾತು. ಅದು ಜರ್ಮನಿಯ ಬವೇರಿಯಾದ ಟ್ರೋಸ್ಟ್‌ಬರ್ಗ್‌ನಲ್ಲಿ ಆಲ್ಜ್‌ಕೆಮ್ ಕಂಪನಿ ತಯಾರಿಸುವ ಕ್ರಿಯಾಟಿನ್. ಮುದ್ರೆಯನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಅದನ್ನು ಬಳಸಲು ಒಪ್ಪಿಗೆ ಪಡೆದ ಬ್ರ್ಯಾಂಡ್ ಹೌದೋ ಅಲ್ಲವೋ ಎಂಬುದನ್ನು ಅವರ ತಾಣದಲ್ಲೇ ನೋಡಬೇಕು.

ಆನ್‌ಲೈನಿನಲ್ಲಿ ನಕ್ಷತ್ರಗಳನ್ನು ಎಣಿಸಿ ಕೊಳ್ಳುವವರು ಒಂದನ್ನು ಗಮನಿಸುವುದಿಲ್ಲ. ಆ ನಕ್ಷತ್ರಗಳು ಸಿಕ್ಕಿರುವುದು ವಸ್ತುವಿಗೆ, ಮಾರಾಟಗಾರನಿಗಲ್ಲ. ಒಂದೇ ಪುಟದಲ್ಲಿ ಹಲವರು ಅದೇ ಡಬ್ಬಿಯನ್ನು ಮಾರುತ್ತಿರುತ್ತಾರೆ. ಬ್ರ್ಯಾಂಡಿನ ಅಧಿಕೃತ ಮಾರಾಟಗಾರ ಗಳಿಸಿದ ಒಳ್ಳೆಯ ಮಾತುಗಳ ನೆರಳಿನಲ್ಲಿ, ಮೊನ್ನೆ ಖಾತೆ ತೆರೆದವನೂ ಕಮ್ಮಿ ರೇಟು ಹಾಕಿ ಮೇಲೆ ಬಂದು ಕೂರುತ್ತಾನೆ. ‘ಮಾರಾಟಗಾರರು’ ಎಂದಿರುವ ಸಾಲನ್ನು ಒತ್ತಿ ಯಾರೆಂದು ನೋಡಿ, ಆ ಹೆಸರು ಬ್ರ್ಯಾಂಡಿನ ಸ್ವಂತ ತಾಣದ ಪಟ್ಟಿಯಲ್ಲಿದೆಯೇ ಎಂದು ನೋಡಿ. ಡಬ್ಬಿ ಬಂದ ಮೇಲೆ ತೆರೆಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ.

ಬಡಾವಣೆಯ ಅಂಗಡಿಯಲ್ಲಿ ನಡೆಯುವುದು ಇನ್ನೊಂದು ನಾಟಕ. ನಾನು ಬಿಲ್ ಕೇಳಿದ ಅಂಗಡಿಯವನು, ‘ಬಿಲ್ಲಾ? ಅಣ್ಣಾ, ಬಿಲ್ ಬೇಕಂದ್ರೆ ರೇಟ್ ಬೇರೆ ಆಗುತ್ತೆ’ ಎಂದ. ‘ಬ್ಯಾಚ್ ನಂಬರ್ ಹಾಕಿ ಕೊಡು’ ಎಂದೆ. ‘ಅದೆಲ್ಲ ಯಾರಣ್ಣ ಕೇಳ್ತಾರೆ’ ಎಂದು ನಕ್ಕ. ಬ್ಯಾಚ್ ನಂಬರ್ ಹಾಕಿದ ಬಿಲ್ ಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ, ಅವನು ಎಷ್ಟೇ ಒಳ್ಳೆಯವನಿರಲಿ. ಹೆಚ್ಚಿನ ಸಣ್ಣ ಅಂಗಡಿಯವರು ತಾವೇ ಮೋಸ ಹೋದವರು. ಬ್ಯಾಗು ನೇತುಹಾಕಿಕೊಂಡು ಬರುವ ಯಾರೋ ‘ಡಿಸ್ಟ್ರಿಬ್ಯೂಟರ್’ನಿಂದ ನಗದಿಗೆ ಕೊಂಡಿರುತ್ತಾರೆ.

ಅನುಮಾನ ಗಟ್ಟಿಯಾದವರಿಗೆ ಕಾನೂನಿನಲ್ಲಿ ಒಂದು ಒಳ್ಳೆಯ ದಾರಿಯಿದೆ, ಬಳಸುವವರು ಕಡಿಮೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಸಾಮಾನ್ಯ ಗಿರಾಕಿಯೂ ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಷರತ್ತು ಒಂದೇ, ಕೊಳ್ಳುವ ಹೊತ್ತಿನಲ್ಲೇ ‘ಇದನ್ನು ಪರೀಕ್ಷೆಗೆ ಕಳಿಸುತ್ತೇನೆ’ ಎಂದು ಮಾರುವವನಿಗೆ ತಿಳಿಸಿರಬೇಕು. ಅಂಗಡಿಯ ಕಟ್ಟೆಯ ಮೇಲೆ ಈ ವಾಕ್ಯವನ್ನು ಒಮ್ಮೆ ಮೆಲ್ಲಗೆ ಹೇಳಿ ನೋಡಿ. ಕೆಲವರು ಆ ಡಬ್ಬಿಯನ್ನು ವಾಪಸ್ ತೆಗೆದುಕೊಂಡು ‘ಸ್ಟಾಕ್ ಇಲ್ಲ’ ಎನ್ನುತ್ತಾರೆ. ಅಲ್ಲಿಗೆ ಶುಲ್ಕವೂ ಉಳಿಯಿತು, ಉತ್ತರವೂ ಸಿಕ್ಕಿತು.

ದಾವಣಗೆರೆಯ ಹುಡುಗನಿಗೆ: ಲೈಸೆನ್ಸ್ ನಂಬರಿನ ಫೋಟೋ, ತೆರೆದ ಡಬ್ಬಿಯ ಫೋಟೋ, ಆರ್ಡರಿನ ರಸೀದಿ ಮೂರನ್ನೂ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡು. ನನ್ನ ತಕ್ಕಡಿಯ ಲೆಕ್ಕ ಅಲ್ಲಿ ಸಾಕ್ಷಿಯಾಗದು, ಉಪ್ಪಿನಕಾಯಿಯ ನಂಬರ್ ಆಗುತ್ತದೆ. ಉಳಿದವರಿಗೆ ಒಂದು ಕೋರಿಕೆ. ಖಾಲಿಯಾದ ಡಬ್ಬಿಯನ್ನು ಗುಜರಿಗೆ ಹಾಗೇ ಹಾಕಬೇಡಿ, ಜಿಮ್ಮಿನ ಮೂಲೆಯಲ್ಲೂ ಬಿಡಬೇಡಿ. ನಕಲಿ ತುಂಬುವವರಿಗೆ ಅಸಲಿ ಡಬ್ಬಿ ಸಿಗುವುದು ಅಲ್ಲಿಂದಲೇ. ಲೇಬಲ್ ಹರಿದು, ಮುಚ್ಚಳಕ್ಕೆ ಒಂದು ತೂತು ಕೊರೆದು ಆಮೇಲೆ ಹಾಕಿ. ಬಸ್ಕಿಯ ಜಗಳ ಮುಂದಿನ ವಾರ.